ಉಳಿದ ಶೇಕಡ 98.4
(ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ)

2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಅದೇ ತಿಂಗಳು ನನ್ನ ಆಪಾ ಎರಡನೇ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ನಾನು ಆಗ ಪ್ರಥಮ ಪಿಯುಸಿಯಲ್ಲಿದ್ದೆ. ಮಗು ಹುಟ್ಟಿ ಹನ್ನೆರಡು ದಿನವಾಗಿತ್ತು. ಆಪಾಳ ದೊಡ್ಡ ಮಗ ಮುನ್ನಾನಿಗೆ ಒಂದು ವರ್ಷ ಎಂಟು ತಿಂಗಳು. ಓಡುವುದನ್ನು ಹೊಸದಾಗಿ ಕಲಿತಿದ್ದ ಅವನ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತಿತ್ತು.

ಡೆಂಗಿ ಸುದ್ದಿ ಕೇಳಿ ಅಬ್ಬಾ ಸಿಕ್ಕಿದ್ದೆಲ್ಲ ತಂದಿದ್ದರು. ಹಾಲ್‌ಗೆ ಸೊಳ್ಳೆ ಬತ್ತಿ, ಎರಡು ಕೋಣೆಗಳಿಗೆ ಕರೆಂಟಿಗೆ ಚುಚ್ಚುವ ಲಿಕ್ವಿಡ್ ಮಷೀನು, ಒಂದು ಟ್ಯೂಬು ಕ್ರೀಮು, ಸಂತೆಯಿಂದ ಒಂದು ಕಟ್ಟು ಸೊಳ್ಳೆ ಅಗರಬತ್ತಿ. ಇದಲ್ಲದೆ ನಾನಿಯವರದು ಸಂಜೆ ಹೊತ್ತು ಬೇವಿನ ಎಲೆ ಮತ್ತು ಲೋಬಾನದ ಹೊಗೆ. ಇಷ್ಟಾದರೂ ಮನೆಯಲ್ಲಿ ಇಲ್ಲದಿದ್ದ ಒಂದೇ ವಸ್ತು ಸೊಳ್ಳೆ ಪರದೆ. ಹಳೆಯದು ಹರಿದಿತ್ತು, ಹೊಸದು ತರಲು ಯಾರಿಗೂ ನೆನಪಾಗಿರಲಿಲ್ಲ.

ಆ ಸಂಜೆ ಆರು ಗಂಟೆ ಹೊತ್ತಿಗೆ ನಾನು ಫಿಸಿಕ್ಸ್ ರೆಕಾರ್ಡ್ ಬರೆಯುತ್ತಿದ್ದೆ. ಪಕ್ಕದ ಕೋಣೆಯಿಂದ ಮುನ್ನಾ ಕೆಮ್ಮುವ ಸದ್ದು ಕೇಳಿತು. ಅದು ನೆಗಡಿಯ ಕೆಮ್ಮಿನ ಹಾಗಿರಲಿಲ್ಲ, ನೀರು ನೆತ್ತಿಗೆ ಹತ್ತಿದ ಹಾಗಿತ್ತು. ಹೋಗಿ ನೋಡಿದರೆ ಅವನು ಗೋಡೆಯ ಬುಡದಲ್ಲಿ ಕುಳಿತಿದ್ದ. ನೆಲದಿಂದ ಒಂದು ಅಡಿ ಎತ್ತರದ ಪ್ಲಗ್ಗಿನಿಂದ ಮಷೀನು ಕಿತ್ತು ಬಂದಿತ್ತು. ರೀಫಿಲ್ ಬಾಟಲಿ ಅವನ ಕೈಯಲ್ಲಿತ್ತು, ಅದರ ನಡುವಿನ ಕಡ್ಡಿ ನೆಲದ ಮೇಲೆ ಬಿದ್ದಿತ್ತು. ಅಂಗಿಯ ಎದೆ ಒದ್ದೆಯಾಗಿತ್ತು. ಬಾಯಿ ಮೂಸಿದರೆ ಸೀಮೆಎಣ್ಣೆಯ ವಾಸನೆ.

ನಾನಿ ಉಪ್ಪು ನೀರು ತರಲು ಅಡುಗೆಮನೆಗೆ ಓಡಿದರು. ಕುಡಿಸಿ ವಾಂತಿ ಮಾಡಿಸಿದರೆ ಎಲ್ಲ ಹೊರಗೆ ಬರುತ್ತದೆ ಎಂಬುದು ಅವರ ಕಾಲದಿಂದ ನಡೆದು ಬಂದ ಕ್ರಮ. ನಮ್ಮ ಪುಣ್ಯಕ್ಕೆ ಎದುರು ಮನೆಯ ಆಂಟಿ ನರ್ಸ್. ಗಲಾಟೆ ಕೇಳಿ ಬಂದವರು ಬಾಗಿಲಲ್ಲೇ ಕೂಗಿದರು: “ಏನೂ ಕುಡಿಸಬೇಡಿ! ವಾಂತಿ ಮಾಡಿಸಲೇಬೇಡಿ! ಅಂಗಿ ಬಿಚ್ಚಿ, ಮೈ ಸೋಪು ಹಾಕಿ ತೊಳೆಯಿರಿ, ಬಾಟಲಿ ತಗೊಂಡು ಆಸ್ಪತ್ರೆಗೆ ಹೊರಡಿ.” ಅಬ್ಬಾ ಆಟೊ ತಂದರು. ಮುನ್ನಾನನ್ನು ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಂಡು ಹೋದೆವು. ಮಲಗಿಸಬೇಡಿ ಎಂದೂ ಆಂಟಿ ಹೇಳಿದ್ದರು.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಮೊದಲು ಕೇಳಿದ್ದು ಬಾಟಲಿಯನ್ನು. ಅದನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಟ್ರಾನ್ಸ್‌ಫ್ಲುಥ್ರಿನ್, ಶೇಕಡ 1.6. ನಾನು ಬುದ್ಧಿವಂತಳ ಹಾಗೆ, “ಡಾಕ್ಟರ್, ಬರೀ ಒಂದೂವರೆ ಪರ್ಸೆಂಟ್ ವಿಷ ಅಲ್ವಾ?” ಎಂದೆ. ಅವರು ನನ್ನನ್ನು ನೋಡಿ, “ಉಳಿದ ತೊಂಬತ್ತೆಂಟು ಪಾಯಿಂಟ್ ನಾಲ್ಕು ಏನು ಅಂತ ನೋಡಿದೆಯಾ?” ಎಂದು ಕೇಳಿದರು.

ನಾನು ನೋಡಿರಲಿಲ್ಲ. ಈ ಲೇಖನ ಬರೆಯುತ್ತಿರುವುದು ಆ ಪ್ರಶ್ನೆಯಿಂದಾಗಿ.

ಆ ಬಾಟಲಿಯಲ್ಲಿ ಉಳಿದದ್ದು ಬಹುಪಾಲು ವಾಸನೆ ತೆಗೆದ ಸೀಮೆಎಣ್ಣೆಯಂಥ ದ್ರಾವಕ. ಸೊಳ್ಳೆಯ ಔಷಧ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ಅದನ್ನು ಇಂಥ ಎಣ್ಣೆಯಲ್ಲಿ ಕರಗಿಸಿರುತ್ತಾರೆ. ಕಡ್ಡಿ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಮಷೀನು ಬಿಸಿ ಮಾಡುತ್ತದೆ, ಆವಿ ಕೋಣೆಗೆ ಹರಡುತ್ತದೆ. ಈ ಎಣ್ಣೆ ಬಹಳ ತೆಳ್ಳಗಿರುತ್ತದೆ. ಮಗು ಗುಟುಕರಿಸುವಾಗ ಅದು ಅನ್ನನಾಳಕ್ಕೆ ಹೋಗುವ ಬದಲು ಸ್ವಲ್ಪ ಜಾರಿದರೂ ಸಾಕು, ಶ್ವಾಸಕೋಶ ಸೇರಿ ಅಲ್ಲಿ ತೆಳುವಾಗಿ ಹರಡಿಕೊಳ್ಳುತ್ತದೆ. ಆಗ ಉಂಟಾಗುವುದು ರೋಗಾಣುಗಳಿಂದ ಬರುವ ನ್ಯುಮೋನಿಯಾ ಅಲ್ಲ, ರಾಸಾಯನಿಕದಿಂದ ಬರುವ ಉರಿಯೂತ. ಹೊಟ್ಟೆಗೆ ಹೋದದ್ದಕ್ಕಿಂತ ಎದೆಗೆ ಹೋದದ್ದೇ ಅಪಾಯ. ವಾಂತಿ ಮಾಡಿಸಬಾರದು ಎನ್ನುವುದು ಇದಕ್ಕೇ. ಒಮ್ಮೆ ಗಂಟಲು ದಾಟಿ ಹೋದ ಎಣ್ಣೆಯನ್ನು ಮತ್ತೊಮ್ಮೆ ಅದೇ ದಾರಿಯಲ್ಲಿ ಮೇಲೆ ತಂದರೆ ಅದು ಶ್ವಾಸಕೋಶಕ್ಕೆ ಜಾರಲು ಎರಡನೇ ಅವಕಾಶ ಕೊಟ್ಟ ಹಾಗೆ. ಹಾಲು, ಎಣ್ಣೆ, ಉಪ್ಪು ನೀರು ಕುಡಿಸಿದರೂ ವಾಂತಿಯಾಗುವ ಸಂಭವ ಹೆಚ್ಚು.

ಡಾಕ್ಟರು ಮುನ್ನಾನ ಉಸಿರು ಎಣಿಸಿದರು, ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡಿದರು. ಕೂಡಲೇ ಎಕ್ಸ್‌ರೇ ತೆಗೆಯಲಿಲ್ಲ. ಎಣ್ಣೆ ಹೋಗಿದ್ದರೂ ಎದೆಯ ಚಿತ್ರದಲ್ಲಿ ಅದರ ಗುರುತು ಮೂಡಲು ಕೆಲವು ಗಂಟೆ ಬೇಕು, ಬೇಗ ತೆಗೆದರೆ ಸುಳ್ಳು ಸಮಾಧಾನವಾಗುತ್ತದೆ ಎಂದರು. ಕನಿಷ್ಠ ಆರು ಗಂಟೆ ಕಣ್ಣೆದುರಿಗೆ ಇಟ್ಟುಕೊಳ್ಳಬೇಕು ಎಂದು ವಾರ್ಡಿಗೆ ಹಾಕಿದರು. ಉಸಿರು ಜೋರಾಗುತ್ತಿದೆಯೇ, ಪಕ್ಕೆಲುಬಿನ ಸಂದು ಒಳಗೆ ಎಳೆಯುತ್ತಿದೆಯೇ, ಕೆಮ್ಮು ನಿಲ್ಲದೆ ಬರುತ್ತಿದೆಯೇ, ಜ್ವರ ಏರುತ್ತಿದೆಯೇ, ಮಗು ಮಂಕಾಗಿ ತೂಕಡಿಸುತ್ತಿದೆಯೇ ಎಂದು ನೋಡುತ್ತಿರಲು ಅಮ್ಮಿಗೂ ನನಗೂ ಹೇಳಿದರು. ಆ ರಾತ್ರಿ ಅವನಿಗೆ ಸ್ವಲ್ಪ ಜ್ವರ ಬಂತು. ಕೆಮ್ಮು ಹನ್ನೊಂದು ಗಂಟೆಗೆ ಕಡಿಮೆಯಾಯಿತು. ಆಮೇಲೆ ತೆಗೆದ ಎಕ್ಸ್‌ರೇಯಲ್ಲಿ ಎದೆ ಸ್ವಚ್ಛವಾಗಿತ್ತು. ಮರುದಿನ ಮಧ್ಯಾಹ್ನ ಮನೆಗೆ ಕಳಿಸಿದರು. ಅವನು ಕುಡಿದದ್ದು ಒಂದು ಗುಟುಕಿಗಿಂತ ಕಡಿಮೆ, ಹೆಚ್ಚಿನದು ಅಂಗಿಯ ಮೇಲೆ ಚೆಲ್ಲಿತ್ತು. ಇಷ್ಟರಲ್ಲೇ ಪಾರಾದದ್ದು ನಮ್ಮ ಜಾಣತನದಿಂದ ಅಲ್ಲ.

ಹೊರಡುವಾಗ ಡಾಕ್ಟರು ಎರಡು ನಂಬರ್ ಬರೆದುಕೊಟ್ಟರು. ಒಂದು 108. ಇನ್ನೊಂದು ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ್ದು, 1800 116 117. ಅವೆರಡೂ ಈಗ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿವೆ.

ಮನೆಗೆ ಬಂದ ಮೇಲೆ ಅಬ್ಬಾ ಕೋಪದಿಂದ ಎರಡೂ ಮಷೀನುಗಳನ್ನು ಅಟ್ಟಕ್ಕೆ ಹಾಕಿದರು. “ಇನ್ನು ಮೇಲೆ ಬತ್ತಿನೇ ಸಾಕು, ಅದನ್ನ ಯಾರೂ ಕುಡಿಯಲ್ಲ” ಎಂದರು. ಆ ರಾತ್ರಿ ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿ, ಮಂಚದ ಕೆಳಗೆ ಸೊಳ್ಳೆ ಬತ್ತಿ ಹಚ್ಚಿದೆವು. ನನಗೆ ನಿದ್ದೆ ಬರಲಿಲ್ಲ. ಡಾಕ್ಟರ ಪ್ರಶ್ನೆಯನ್ನು ಈ ಡಬ್ಬಿಗೂ ಕೇಳಬೇಕಲ್ಲವೇ ಎಂದು ಎದ್ದು ಓದಿದೆ. ಮೆಪರ್‌ಫ್ಲುಥ್ರಿನ್, ಶೇಕಡ 0.05. ಅಂದರೆ ಉಳಿದದ್ದು ಶೇಕಡ 99.95.

ಮರುದಿನ ಒಂದು ಬತ್ತಿಯನ್ನು ಕಾಗದದಲ್ಲಿ ಸುತ್ತಿ ಕಾಲೇಜಿಗೆ ತಂದೆ. ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ತೂಗಲು ಮೇಡಂ ಒಪ್ಪಿದರು. ಸುಮಾರು 12 ಗ್ರಾಂ ಬಂತು. ಅದರ ಶೇಕಡ 0.05 ಎಂದರೆ 6 ಮಿಲಿಗ್ರಾಂ. ರಾತ್ರಿಯಿಡೀ ಇಡೀ ಬತ್ತಿ ಉರಿದರೂ ಅದರಲ್ಲಿ ಇರುವ ಸೊಳ್ಳೆ ಔಷಧ ಇಷ್ಟೇ. ಮೇಡಂ ಲಿಕ್ವಿಡ್‌ದೂ ಲೆಕ್ಕ ಹಾಕು ಎಂದರು. ನಮ್ಮ ಬಾಟಲಿ 45 ಮಿಲಿಲೀಟರಿನದು. ಅಂಥ ಎಣ್ಣೆ ನೀರಿಗಿಂತ ಹಗುರ, ಒಂದು ಮಿಲಿಲೀಟರಿಗೆ 0.8 ಗ್ರಾಂ ಎಂದಿಟ್ಟುಕೊಂಡರೆ ಒಟ್ಟು 36 ಗ್ರಾಂ. ಅದರ ಶೇಕಡ 1.6 ಎಂದರೆ ಸುಮಾರು 576 ಮಿಲಿಗ್ರಾಂ. 45 ರಾತ್ರಿ ಬರುತ್ತದೆ ಎಂದು ಪೊಟ್ಟಣದ ಮೇಲಿತ್ತು. ಭಾಗಿಸಿದರೆ ಒಂದು ರಾತ್ರಿಗೆ ಸುಮಾರು 13 ಮಿಲಿಗ್ರಾಂ.

ಅಂದರೆ ಔಷಧದ ತೂಕವನ್ನು ಮಾತ್ರ ನೋಡಿದರೆ ಬತ್ತಿಗಿಂತ ಲಿಕ್ವಿಡ್ಡೇ ಒಂದು ರಾತ್ರಿಗೆ ಇಮ್ಮಡಿ ಬಿಡುತ್ತದೆ. ಎರಡರಲ್ಲಿರುವ ಔಷಧ ಬೇರೆ ಬೇರೆ, ಅದರಿಂದ ಈ ಅಂಕಿಗಳನ್ನು ನೇರವಾಗಿ ಹೋಲಿಸಿ ಯಾವುದು ಹೆಚ್ಚು ವಿಷ ಎನ್ನಲಾಗದು. ಆದರೂ ಬತ್ತಿಯೇ ಸೌಮ್ಯ ಎಂಬ ಅಬ್ಬಾನ ಮಾತು ಸರಿಯೆಂದು ನನಗೆ ಒಂದು ಕ್ಷಣ ಅನಿಸಿತು. ಆಗ ಮೇಡಂ, “ಸರಿ, ಉಳಿದ ಹೆಚ್ಚುಕಡಿಮೆ ಹನ್ನೆರಡು ಗ್ರಾಂ ಎಲ್ಲಿಗೆ ಹೋಯ್ತು?” ಎಂದರು.

ಅದರಲ್ಲಿ ಬೂದಿ ಬಿಟ್ಟು ಉಳಿದದ್ದೆಲ್ಲ ಹೋದದ್ದು ಕೋಣೆಯ ಗಾಳಿಗೆ. ಬತ್ತಿಯ ಉಳಿದ ಭಾಗ ಮರದ ಹುಡಿ, ತೆಂಗಿನ ಚಿಪ್ಪಿನ ಪುಡಿ, ಅಂಟು, ಬಣ್ಣ. ಇದು ಜ್ವಾಲೆಯಾಗಿ ಉರಿಯುವುದಿಲ್ಲ, ಎಂಟು ಗಂಟೆ ಕಾಲ ಕನಲುತ್ತದೆ. ಹಾಗೆ ಅರೆಬರೆ ಉರಿಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೂ ಫಾರ್ಮಾಲ್ಡಿಹೈಡ್‌ನಂಥ ಅನಿಲಗಳೂ ಹೊರಬರುತ್ತವೆ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಉರಿಸಿ ಅಳೆದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಗಿದೆ. ಒಂದು ಬತ್ತಿಯಿಂದ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಿಂದ ಬರುವಷ್ಟು ಎಂದು ಅದರಲ್ಲಿ ಕಂಡುಬಂತು. ಹೋಲಿಕೆ ಕಣಗಳ ಪ್ರಮಾಣದ್ದು ಮಾತ್ರ, ಸಿಗರೇಟಿನ ನಿಕೋಟಿನ್ ಇದರಲ್ಲಿ ಇಲ್ಲ. ಆದರೂ ಹುಟ್ಟಿ ಹದಿನೈದು ದಿನವೂ ಆಗದ ಮಗು ನಿಮಿಷಕ್ಕೆ 40ರಿಂದ 60 ಬಾರಿ ಉಸಿರಾಡುತ್ತದೆ, ನಾವು ದೊಡ್ಡವರು 12ರಿಂದ 20 ಬಾರಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ, ಮಂಚದ ಕೆಳಗೆ, ಇಡೀ ರಾತ್ರಿ. ನಾವು ಮಾಡಿದ್ದು ಅದನ್ನೇ.

ಹೀಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಬತ್ತಿಯ ಅಪಾಯ ಅದರ ಹೊಗೆಯಲ್ಲಿದೆ. ಲಿಕ್ವಿಡ್‌ನಲ್ಲಿ ಹೊಗೆ ಇಲ್ಲ, ಅದರ ದೊಡ್ಡ ಅಪಾಯ ಬಾಟಲಿಯಲ್ಲಿದೆ. ಎರಡರಲ್ಲೂ ಪೊಟ್ಟಣದ ಮೇಲೆ ಬರೆದ ಔಷಧದ ಹೆಸರಿನಷ್ಟೇ, ಬರೆಯದ ಭಾಗವೂ ಮುಖ್ಯ.

ಹಾಗೆಂದು ಔಷಧದ ಹೆಸರು ಓದಬೇಕಾಗಿಲ್ಲ ಎಂದಲ್ಲ. ಕೊನೆಗೆ ‘-ಥ್ರಿನ್’ ಎಂದು ಬರುವ ಅಲೆಥ್ರಿನ್, ಪ್ರಾಲೆಥ್ರಿನ್, ಟ್ರಾನ್ಸ್‌ಫ್ಲುಥ್ರಿನ್, ಮೆಪರ್‌ಫ್ಲುಥ್ರಿನ್ ಎಲ್ಲವೂ ಒಂದೇ ಕುಟುಂಬದವು. ಇವನ್ನು ಪೈರೆಥ್ರಾಯ್ಡ್‌ಗಳು ಎನ್ನುತ್ತಾರೆ. ಸೇವಂತಿಗೆಯ ಜಾತಿಯ ಒಂದು ಹೂವಿನಲ್ಲಿರುವ ಕೀಟನಾಶಕವನ್ನು ಅನುಸರಿಸಿ ಮನುಷ್ಯರು ತಯಾರಿಸಿದ ರಾಸಾಯನಿಕಗಳಿವು. ಕೀಟದ ನರಗಳ ಮೇಲೆ ಇವು ಕೆಲಸ ಮಾಡುತ್ತವೆ. ನಮ್ಮ ದೇಹ ಇವನ್ನು ಬೇಗ ಒಡೆದು ಹೊರಹಾಕುತ್ತದೆ, ಮೀನು ಮತ್ತು ಬೆಕ್ಕುಗಳಿಗೆ ಅದು ಸಾಧ್ಯವಿಲ್ಲ. ಅಕ್ವೇರಿಯಂ ಇರುವ ಕೋಣೆಯಲ್ಲಿ ಮಷೀನು ಇಡಬಾರದು. ಮನುಷ್ಯರಲ್ಲೂ ಆಸ್ತಮಾ ಇರುವವರಿಗೆ ಈ ಆವಿಯಿಂದ ಕೆಮ್ಮು, ಉಬ್ಬಸ ಬರಬಹುದು. ಮಷೀನು ಹಾಕಿದ ರಾತ್ರಿ ಮಾತ್ರ ಮಗುವಿಗೆ ಮೂಗು ಸೋರಿ ಕೆಮ್ಮು ಬಂದು, ಹಾಕದ ರಾತ್ರಿ ಬರದಿದ್ದರೆ ಕಾರಣ ಅದೇ ಇರಬಹುದು ಎಂದು ಡಾಕ್ಟರು ಹೇಳಿದ್ದರು.

ಇನ್ನು ಹೆಸರೇ ಇಲ್ಲದ ಪೊಟ್ಟಣದ ಕಥೆ. ಅಬ್ಬಾ ಸಂತೆಯಿಂದ ತಂದ ಅಗರಬತ್ತಿಯ ಕವರನ್ನು ಹಿಂದೆ ಮುಂದೆ ತಿರುಗಿಸಿದೆ. ಬೇವಿನ ಎಲೆಯ ಚಿತ್ರ ಇತ್ತು, ‘ನೈಸರ್ಗಿಕ’ ಎಂದಿತ್ತು. ಔಷಧದ ಹೆಸರಿಲ್ಲ, ಎಷ್ಟು ಶೇಕಡ ಎಂದಿಲ್ಲ, ನೋಂದಣಿ ಸಂಖ್ಯೆ ಇಲ್ಲ. ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಸೊಳ್ಳೆ ಕೊಲ್ಲಲು ಮಾರುವ ಔಷಧ ನೋಂದಣಿಯಾಗಿರಬೇಕು. ನೋಂದಣಿಯಾದ ಪೊಟ್ಟಣದಲ್ಲಿ ‘CIR’ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಆ ಅಗರಬತ್ತಿ ಹಚ್ಚಿದರೆ ಐದು ನಿಮಿಷದಲ್ಲಿ ಸೊಳ್ಳೆ ಉದುರುತ್ತಿತ್ತು. ಬರೀ ಬೇವಿನ ಎಲೆಯ ಹೊಗೆಗೆ ಸೊಳ್ಳೆ ಹಾಗೆ ಉದುರುವುದಿಲ್ಲ. ಏನೋ ಒಂದು ಔಷಧ ಅದರಲ್ಲಿ ಇದೆ, ಯಾವುದು, ಎಷ್ಟು ಎಂದು ನಮಗೆ ಹೇಳಿಲ್ಲ, ಅಷ್ಟೇ. ಅದರಿಂದ ಮಗುವಿಗೆ ಏನಾದರೂ ಆಗಿದ್ದರೆ ಡಾಕ್ಟರಿಗೆ ತೋರಿಸಲು ನಮ್ಮ ಹತ್ತಿರ ಒಂದು ಎಲೆಯ ಚಿತ್ರ ಮಾತ್ರ ಇರುತ್ತಿತ್ತು. ಆ ಕಟ್ಟನ್ನು ಎಸೆದೆವು.

ನೋಂದಣಿಯಾದ ಪೊಟ್ಟಣಗಳ ಮೇಲೆ ವಜ್ರಾಕಾರದ ಒಂದು ಗುರುತು ಇರುತ್ತದೆ. ಅದರ ಕೆಳಗಿನ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ಹೇಳುತ್ತದೆ. ಕೆಂಪು ಎಲ್ಲಕ್ಕಿಂತ ಹೆಚ್ಚು, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ನನ್ನ ಸಹಪಾಠಿಯೊಬ್ಬಳು, “ಹಸಿರು ಇದ್ದರೆ ಮಗುವಿಗೆ ಸೇಫ್ ಅಂತ ಅರ್ಥ” ಎಂದಳು. ನಾನೂ ಹಾಗೇ ತಿಳಿದಿದ್ದೆ. ಆದರೆ ಆ ಬಣ್ಣವನ್ನು ನಿರ್ಧರಿಸುವುದು ಪ್ರಾಣಿಗಳ ಹೊಟ್ಟೆಗೆ ಅಥವಾ ಚರ್ಮಕ್ಕೆ ಔಷಧ ಹೋದರೆ ಎಷ್ಟು ಪ್ರಮಾಣದಲ್ಲಿ ಸಾಯುತ್ತವೆ ಎಂಬ ಲೆಕ್ಕದಿಂದ. ರಾತ್ರಿಯಿಡೀ ಹೊಗೆ ಉಸಿರಾಡಿದರೆ ಏನಾಗುತ್ತದೆ, ಎಣ್ಣೆ ಶ್ವಾಸಕೋಶಕ್ಕೆ ಜಾರಿದರೆ ಏನಾಗುತ್ತದೆ ಎಂಬುದನ್ನು ಆ ಬಣ್ಣ ಹೇಳುವುದಿಲ್ಲ. ಅದು ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ.

ನಾನಿಯವರ ಜೊತೆ ಮಾತಾಡುವುದು ಎಲ್ಲಕ್ಕಿಂತ ಕಷ್ಟವಾಯಿತು. ನಲವತ್ತು ದಿನ ಬಾಣಂತಿ ಮತ್ತು ಮಗು ಬೆಚ್ಚಗಿನ ಕೋಣೆಯಲ್ಲಿ ಇರಬೇಕು, ಸಂಜೆ ಲೋಬಾನ ಹಾಕಬೇಕು ಎಂಬುದು ನಮ್ಮ ಮನೆಯ ಪದ್ಧತಿ. “ನಿಮ್ಮ ಅಮ್ಮಿನ ಇದೇ ಹೊಗೆಯಲ್ಲೇ ಬೆಳೆಸಿದ್ದು” ಎಂದರು. ನಾನು ಎದುರು ವಾದ ಮಾಡಲಿಲ್ಲ. “ನಾನಿ, ನೀವು ಹಾಕಿ. ಆದರೆ ಮಗು ಆ ಹೊತ್ತಲ್ಲಿ ಅಮ್ಮಿ ಕೋಣೆಯಲ್ಲಿರಲಿ. ಹೊಗೆ ಹೋದ ಮೇಲೆ ಕರಕೊಂಡು ಬರ್ತೀವಿ” ಎಂದೆ. ಅದಕ್ಕೆ ಒಪ್ಪಿದರು. ಲೋಬಾನದ ಹೊಗೆಯೂ ಹೊಗೆಯೇ, ಮಗುವಿನ ಎದೆಗೆ ಬತ್ತಿಯ ಹೊಗೆಗೂ ಅದಕ್ಕೂ ವ್ಯತ್ಯಾಸ ಗೊತ್ತಾಗದು.

ಆದರೆ ಒಂದು ವಿಷಯದಲ್ಲಿ ನಾನು ಬಿಟ್ಟುಕೊಡಲಿಲ್ಲ. ಯಾರೋ ಕಳಿಸಿದ ವಿಡಿಯೊ ನೋಡಿ ಚಿಕ್ಕಮ್ಮ ಖಾಲಿ ರೀಫಿಲ್ ಬಾಟಲಿಗೆ ಬೇವಿನ ಎಣ್ಣೆ ಮತ್ತು ಕರ್ಪೂರ ತುಂಬಿ ತಂದಿದ್ದರು. ಕರ್ಪೂರ ಮನೆಯ ವಸ್ತು, ಅದರಿಂದ ಏನಾಗುತ್ತದೆ ಎಂದುಕೊಳ್ಳುತ್ತೇವೆ. ಆದರೆ ಪುಟ್ಟ ಮಕ್ಕಳು ಸ್ವಲ್ಪ ಕರ್ಪೂರ ನುಂಗಿದರೂ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಮುನ್ನಾ ಕುಡಿದ ಬಾಟಲಿಯಲ್ಲಿ ಇದಿದ್ದರೆ ಆ ರಾತ್ರಿ ಬೇರೆ ತರ ಇರುತ್ತಿತ್ತು. ಮನೆಯಲ್ಲೇ ತುಂಬಿದ ಬಾಟಲಿಗೆ ಲೇಬಲ್ಲೂ ಇಲ್ಲ, ಶೇಕಡವೂ ಇಲ್ಲ.

ಕ್ರೀಮಿನ ವಿಷಯದಲ್ಲಿ ಡಾಕ್ಟರು ಹೇಳಿದ ನಿಯಮ ಸರಳ. ಎರಡು ತಿಂಗಳೊಳಗಿನ ಮಗುವಿಗೆ ಸೊಳ್ಳೆ ಓಡಿಸುವ ಯಾವ ಕ್ರೀಮೂ ಬೇಡ. ಮಗುವಿನ ಚರ್ಮ ತೆಳು, ಮೈತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಸವರಿದ್ದು ಹೆಚ್ಚು ಒಳಹೋಗುತ್ತದೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಲೇಬಲ್ಲಿನ ಮೇಲೆ ಯಾವ ವಯಸ್ಸಿನಿಂದ ಬಳಸಬಹುದು ಎಂದಿದೆಯೋ ಅದನ್ನು ನೋಡಿ ಹಚ್ಚಬೇಕು. ನಮ್ಮ ಟ್ಯೂಬಿನಲ್ಲಿದ್ದದ್ದು ಡೈಈಥೈಲ್ ಬೆಂಜಮೈಡ್, ಶೇಕಡ 12. ಬೇರೆ ಕೆಲವದರಲ್ಲಿ ‘DEET’ ಇರುತ್ತದೆ. ನಿಂಬೆ ವಾಸನೆಯ ನೀಲಗಿರಿ ಎಣ್ಣೆಯಿಂದ ಮಾಡಿದ್ದು ಗಿಡದಿಂದ ಬಂದದ್ದಾದರೂ ಮೂರು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು ಎನ್ನುತ್ತಾರೆ. ‘ಗಿಡಮೂಲಿಕೆ’ ಎಂಬ ಪದದಿಂದ ಮಗುವಿನ ವಯಸ್ಸು ಬದಲಾಗುವುದಿಲ್ಲ.

ಹಚ್ಚುವ ಕ್ರಮವನ್ನೂ ನಾವು ತಪ್ಪಾಗಿ ಮಾಡುತ್ತಿದ್ದೆವು. ಮುನ್ನಾನ ಕೈಗೆ ಟ್ಯೂಬಿನಿಂದ ನೇರ ಹಿಂಡಿ, “ಹಚ್ಚಿಕೋ” ಎನ್ನುತ್ತಿದ್ದೆವು. ಅವನು ಆ ಕೈಯನ್ನೇ ಬಾಯಿಗೆ ಹಾಕುತ್ತಿದ್ದ. ಈಗ ಅಮ್ಮಿ ತನ್ನ ಅಂಗೈಗೆ ತೆಗೆದುಕೊಂಡು ಅವನ ಕಾಲಿಗೆ, ತೋಳಿಗೆ, ಬಟ್ಟೆ ಮುಚ್ಚದ ಕಡೆ ಮಾತ್ರ ಸವರುತ್ತಾಳೆ. ಅಂಗೈ, ಬೆರಳು, ಕಣ್ಣಿನ ಸುತ್ತ, ಗಾಯ ಇರುವಲ್ಲಿ ಹಚ್ಚುವುದಿಲ್ಲ. ಒಳಗೆ ಬಂದ ಮೇಲೆ ಸೋಪು ಹಾಕಿ ತೊಳೆಯುತ್ತಾಳೆ.

ಹಾಗಾದರೆ ಹನ್ನೆರಡು ದಿನದ ಮಗುವಿಗೆ ಉಳಿದದ್ದೇನು? ಹೊಗೆ ಬೇಡ, ಕ್ರೀಮು ಬೇಡ, ರಾತ್ರಿಯಿಡೀ ಆವಿಯೂ ಬೇಡ ಎಂದ ಮೇಲೆ ಉಳಿದದ್ದು ಪರದೆ. ಅದರಲ್ಲಿ ‘ಉಳಿದ ಶೇಕಡ’ ಎಂದರೆ ದಾರ ಮಾತ್ರ.

ಪರದೆಯಲ್ಲೂ ಎರಡು ಬಗೆ. ಒಂದು ಸಾದಾ ಪರದೆ, ಇನ್ನೊಂದು ದಾರಕ್ಕೇ ಔಷಧ ಸೇರಿಸಿದ, ಬಹಳ ಕಾಲ ಬಾಳುವ ಪರದೆ. ಎರಡನೆಯದರಲ್ಲಿ ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್ ಅಥವಾ ಆಲ್ಫಾ ಸೈಪರ್‌ಮೆಥ್ರಿನ್ ಇರುತ್ತದೆ. ಇವೂ ಅದೇ ‘-ಥ್ರಿನ್’ ಕುಟುಂಬದವು, ಆದರೆ ದಾರದಲ್ಲಿ ಉಳಿಯುತ್ತವೆ, ಗಾಳಿಗೆ ಸುಲಭವಾಗಿ ಏಳುವುದಿಲ್ಲ. ಬಸುರಿಯರೂ ಹಸುಗೂಸುಗಳೂ ಅದರೊಳಗೆ ಮಲಗಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಹೊಸದನ್ನು ಬಿಚ್ಚಿ ಒಂದು ದಿನ ನೆರಳಿನಲ್ಲಿ ಹರಡಿ ಆಮೇಲೆ ಬಳಸಬೇಕು. ಒಗೆದರೆ ತಣ್ಣೀರು, ಸಾದಾ ಸೋಪು, ನೆರಳಿನಲ್ಲಿ ಒಣಗಿಸುವುದು. ಬಿಸಿಲಿಗೆ ಔಷಧ ಹಾಳಾಗುತ್ತದೆ. ಒಗೆದ ನೀರನ್ನು ಕೆರೆಗೋ ಹಳ್ಳಕ್ಕೋ ಚೆಲ್ಲಬಾರದು, ಮೀನಿಗೆ ವಿಷ. ಸುಮಾರು ಇಪ್ಪತ್ತು ಸಲ ಒಗೆದರೂ, ಮೂರು ವರ್ಷದವರೆಗೂ ಕೆಲಸ ಮಾಡುವಂತೆ ಅವನ್ನು ತಯಾರಿಸುತ್ತಾರೆ.

ನಮ್ಮೂರಿನಲ್ಲಿ ನಮಗೆ ಸಿಕ್ಕಿದ್ದು ಸಾದಾ ಪರದೆ. ಅಂಗಡಿಯಲ್ಲಿ ಒಂದು ಚದರ ಇಂಚಿಗೆ 156 ತೂತು ಇರುವುದನ್ನು ಕೇಳಿ ತಂದೆವು. ಸೊಳ್ಳೆ ತೂರದಷ್ಟು ಸಣ್ಣದು, ಫ್ಯಾನಿನ ಗಾಳಿ ಹೋಗುವಷ್ಟು ದೊಡ್ಡದು. ಮಂಚಕ್ಕೆ ಒಂದು ದೊಡ್ಡದು, ಆಪಾ ಮತ್ತು ಮಗು ಒಳಗೆ. ಹಗಲು ಮಲಗುವ ಹಾಸಿಗೆಗೆ ಕೊಡೆಯಂತೆ ಬಿಚ್ಚುವ ಚಿಕ್ಕದು.

ಹಗಲಿಗೂ ಪರದೆ ಏಕೆ ಎಂದು ಅಬ್ಬಾ ಕೇಳಿದರು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಕತ್ತಲಾಗುವ ಮುಂಚೆ. ಮಲೇರಿಯಾದ ಅನಾಫಿಲಿಸ್ ಮಾತ್ರ ರಾತ್ರಿಯದು. ನಾವು ಡೆಂಗಿಗೆ ಹೆದರಿ ಇಷ್ಟೆಲ್ಲ ತಂದು, ಎಲ್ಲವನ್ನೂ ರಾತ್ರಿ ಹತ್ತಕ್ಕೆ ಹಚ್ಚುತ್ತಿದ್ದೆವು. ಹಗಲು ಹೆಚ್ಚಿನ ಹೊತ್ತು ಮಲಗಿಯೇ ಇರುವ ಮಗುವನ್ನು ಬರಿ ಹಾಸಿಗೆಯ ಮೇಲೆ ಬಿಟ್ಟಿದ್ದೆವು.

ಪರದೆ ಕಟ್ಟಿದರೆ ಮುಗಿಯಿತು ಎಂದುಕೊಂಡಿದ್ದೆವು, ಮೂರನೇ ದಿನ ಮಗುವಿನ ಬಲಗೈ ಮೇಲೆ ಮಾತ್ರ ಕೆಂಪು ಗುಳ್ಳೆ ಎದ್ದವು. ಎದುರು ಮನೆಯ ಆಂಟಿ ನೋಡಿ ಕೂಡಲೇ ಹೇಳಿದರು: ಒಂದೇ ಕಡೆ ಕಚ್ಚಿದ್ದರೆ ಆ ಕಡೆ ಮೈ ಪರದೆಗೆ ತಾಗುತ್ತಿದೆ ಎಂದರ್ಥ, ಸೊಳ್ಳೆ ಹೊರಗೆ ಕುಳಿತೇ ಕಚ್ಚುತ್ತದೆ. ಸಾದಾ ಪರದೆಯಲ್ಲಿ ಇದು ಹೆಚ್ಚು. ಬೆಳಿಗ್ಗೆ ಪರದೆಯೊಳಗೆ ರಕ್ತ ಕುಡಿದು ಉಬ್ಬಿದ ಸೊಳ್ಳೆ ಕಂಡರೆ ಎಲ್ಲೋ ತೂತಿದೆ, ಇಲ್ಲವೇ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಲ್ಲ ಎಂದರ್ಥ. ಮಗುವನ್ನು ಮಂಚದ ನಡುವಿಗೆ ಸರಿಸಿದೆವು, ಅಂಚನ್ನು ಗಟ್ಟಿಯಾಗಿ ಒಳಗೆ ತುರುಕಿದೆವು. ಗುಳ್ಳೆ ನಿಂತವು. ಚಿಕ್ಕ ಪರದೆಯೊಳಗೆ ದಿಂಬು, ಆಟಿಕೆ ಇಡುವುದಿಲ್ಲ, ದಾರವನ್ನು ಮಗುವಿನ ಕೈಗೆ ಸಿಗುವಂತೆ ನೇತುಬಿಡುವುದಿಲ್ಲ. ಮಗು ಮಗ್ಗುಲಾಗಲು ಕಲಿತ ಮೇಲೆ, ಬಟ್ಟೆ ಮುಖಕ್ಕೆ ಬೀಳಬಾರದೆಂದು ಅದನ್ನು ಬಳಸುವುದನ್ನೇ ಬಿಟ್ಟೆವು.

ಮಷೀನನ್ನು ಅಬ್ಬಾ ಕೊನೆಗೆ ಅಟ್ಟದಿಂದ ಇಳಿಸಿದರು. ಈಗ ಅದು ಮುನ್ನಾನ ಕೈಗೆ ಸಿಗದ ಎತ್ತರದ ಪ್ಲಗ್ಗಿನಲ್ಲಿ, ಹಾಲ್‌ನಲ್ಲಿ ಮಾತ್ರ ಇದೆ. ಸಂಜೆ ಮಕ್ಕಳು ಒಳಗಿನ ಕೋಣೆಯಲ್ಲಿರುವಾಗ ಸ್ವಲ್ಪ ಹೊತ್ತು ಹಾಕುತ್ತೇವೆ, ಅವರು ಬರುವ ಮುಂಚೆ ಆರಿಸಿ ಕಿಟಕಿ ತೆರೆಯುತ್ತೇವೆ. ಹೊಸ ರೀಫಿಲ್ ಬೀರುವಿನ ಮೇಲಿನ ಖಾನೆಯಲ್ಲಿದೆ. ಖಾಲಿ ಬಾಟಲಿಯ ತಳದಲ್ಲಿ ಯಾವಾಗಲೂ ಸ್ವಲ್ಪ ಉಳಿದಿರುತ್ತದೆ, ಅದನ್ನು ಕಾಗದದಲ್ಲಿ ಸುತ್ತಿ ಕೂಡಲೇ ಕಸದ ಗಾಡಿಗೆ ಕೊಡುತ್ತೇವೆ. ಸೊಳ್ಳೆ ಬತ್ತಿ ಈಗ ಅಂಗಳದ್ದು. ಅಬ್ಬಾ ಹೊರಗೆ ಕುಳಿತು ಚಹಾ ಕುಡಿಯುವಾಗ ಅವರ ಕಾಲ ಬಳಿ ಉರಿಯುತ್ತದೆ.

ಮಗುವಿಗೆ ಈಗ ಒಂದು ವರ್ಷ ಕಳೆದಿದೆ. ಮುನ್ನಾ ಯಾವ ಬಾಟಲಿ ಕಂಡರೂ, “ಖಾಲಾ, ಇದು ಬೇಡ ಅಲ್ವಾ?” ಎಂದು ನನ್ನನ್ನು ಕೇಳುತ್ತಾನೆ. ಗೆಳತಿಯರೇ, ಗೆಳೆಯರೇ, ಮನೆಯಲ್ಲಿ ಚಿಕ್ಕ ಮಗು ಇದ್ದರೆ ಇವತ್ತು ಸಂಜೆ ಒಂದು ಕೆಲಸ ಮಾಡಿ. ನೆಲದ ಮೇಲೆ ಮಗುವಿನ ಎತ್ತರಕ್ಕೆ ಕುಳಿತು ಸುತ್ತ ನೋಡಿ, ಕೈ ಚಾಚಿದರೆ ಯಾವ ಪ್ಲಗ್ಗು ಸಿಗುತ್ತದೆ ಎಂದು. ಆ ಸಂಜೆಗೆ ಮುಂಚೆ ನಾನು ಹಾಗೆ ಕುಳಿತು ನೋಡಿರಲಿಲ್ಲ.